ಒಂದು ಚೆಕ್ ವಾಪಸ್, ಎರಡು ಕಡೆ ದಂಡ

ಕಳೆದ ವಾರ ಪಕ್ಕದ ತೋಟದ ಭಾವ ಬೆಳಿಗ್ಗೆ ಏಳೂವರೆಗೇ ಮೊಬೈಲ್ ಹಿಡಿದುಕೊಂಡು ಬಂದ. ಕಾಫಿ ಕೊಟ್ಟರೂ ಮುಟ್ಟಲಿಲ್ಲ. "ನೋಡು ಮಾರಾಯ, ದುಡ್ಡು ಕೊಡದೆ ಇದ್ದವನು ಅವನು. ದಂಡ ಹಾಕಿದ್ದು ನನಗೆ. ಇದು ಯಾವ ಸೀಮೆ ನ್ಯಾಯ?" ಅಂದ.

ಭಾವ ಸಾಗರದ ಒಬ್ಬ ವ್ಯಾಪಾರಿಗೆ ಮೆಣಸು ಕೊಟ್ಟಿದ್ದ. ಹತ್ತು ವರ್ಷದಿಂದ ಅವನಿಗೇ ಕೊಡುವುದು. ಈ ಸಲ 85,000 ರೂಪಾಯಿಗೆ ಚೆಕ್ ಬರೆದುಕೊಟ್ಟ. ಭಾವ ಅದನ್ನು ತನ್ನ ಬ್ಯಾಂಕಿಗೆ ಹಾಕಿದ. ಖಾತೆಗೆ ದುಡ್ಡು ಬಂತು ಅಂತ ಮೆಸೇಜೂ ಬಂತು. ಅತ್ತಿಗೆಗೆ ಹೇಳಿಯೂ ಆಯ್ತು. ಸಂಜೆ ನೋಡಿದರೆ 85,000 ವಾಪಸ್ ಹೋಗಿದೆ, ಜೊತೆಗೆ 177 ರೂಪಾಯಿ ಕಟ್.

ನಾನು ಶಿವಮೊಗ್ಗದಲ್ಲಿ ಬ್ಯಾಂಕ್ ಕೆಲಸದಲ್ಲಿದ್ದಾಗ ಬಹಳ ವರ್ಷ ಕ್ಲಿಯರಿಂಗ್ ಸೀಟಿನಲ್ಲೇ ಕೂತಿದ್ದವನು. ಆಗೆಲ್ಲ ಊರಿನ ಬ್ಯಾಂಕಿನವರು ಒಂದು ಕಡೆ ಸೇರಿ ಚೆಕ್ಕಿನ ಕಟ್ಟು ಬದಲಾಯಿಸಿಕೊಳ್ಳುತ್ತಿದ್ದೆವು. ಹಾಗಾಗಿ ಈ ಜಗಳ ನನಗೆ ಹೊಸದಲ್ಲ. ಭಾವನ ಸ್ಟೇಟ್‌ಮೆಂಟ್ ಹೀಗಿತ್ತು:

```
BY CLG 004127           85,000.00 CR  1,06,300.00
O/W RTN 004127          85,000.00 DR    21,300.00
CHQ RTN CHG + GST          177.00 DR    21,123.00
```

ಬ್ಯಾಂಕಿನಿಂದ ಬ್ಯಾಂಕಿಗೆ ಅಕ್ಷರ ಸ್ವಲ್ಪ ಬದಲಾಗುತ್ತದೆ. ಆದರೆ ಕತೆ ಇದೇ ಮೂರು ಸಾಲಿನದ್ದು. ಮೊದಲ ಸಾಲು ನೋಡಿ ಜನ ದುಡ್ಡು ಬಂತು ಅಂದುಕೊಳ್ಳುತ್ತಾರೆ. ಬಂದಿರುವುದಿಲ್ಲ. ನಮ್ಮ ಬ್ಯಾಂಕು ಚೆಕ್ಕಿನ ಚಿತ್ರ ತೆಗೆದು, ಬರೆದವನ ಬ್ಯಾಂಕಿಗೆ ಕಳಿಸಿ, "ಬರಬೇಕಾದ ದುಡ್ಡು" ಅಂತ ನಮ್ಮ ಖಾತೆಯಲ್ಲಿ ಬರೆದಿಟ್ಟಿರುತ್ತದೆ ಅಷ್ಟೆ. ಆ ಕಡೆಯವರು ಹೂಂ ಅನ್ನುವ ತನಕ ಅದನ್ನು ತೆಗೆಯಲು ಬಿಡುವುದಿಲ್ಲ. ಆ ಕಡೆ ಉಹೂಂ ಅಂದರೆ ಎರಡನೇ ಸಾಲು. ಆ ಸಾಲಿನಲ್ಲಿ ಭಾವನ ಸ್ವಂತ ದುಡ್ಡು ಒಂದು ಪೈಸೆಯೂ ಹೋಗಿಲ್ಲ, ಬರೆದಿದ್ದನ್ನು ಹೊಡೆದುಹಾಕಿದ್ದಾರೆ. ನಿಜವಾಗಿ ಜೇಬಿನಿಂದ ಹೋಗಿದ್ದು ಮೂರನೆಯದು ಮಾತ್ರ. 150 ರೂಪಾಯಿ ಶುಲ್ಕ, ಅದರ ಮೇಲೆ ಶೇಕಡಾ 18ರಂತೆ 27 ರೂಪಾಯಿ ಜಿಎಸ್‌ಟಿ. ಭಾವ ಮಾತ್ರ 85,000ಕ್ಕೇ ಟ್ಯಾಕ್ಸ್ ಹಾಕಿದ್ದಾರೆ ಅಂದುಕೊಂಡು ಕೂತಿದ್ದ.

ಸರಿ, ಆ ವ್ಯಾಪಾರಿ ಮೋಸಗಾರನಾ? ಭಾವ ಆಗಲೇ ಲಾಯರ್ ಹೆಸರು ಹೇಳಲು ಶುರು ಮಾಡಿದ್ದ. ನಾನು ತಡೆದು, ಅವನಿಗೇ ಫೋನ್ ಮಾಡಿಸಿದೆ. ಆ ಕಡೆ ಅವನದ್ದು ಇವನಿಗಿಂತ ಜೋರು ಗಲಾಟೆ. "ನನ್ನ ಖಾತೆಯಲ್ಲಿ ಒಂದು ಲಕ್ಷದ ಮೂವತ್ತೆರಡು ಸಾವಿರ ಇತ್ತು ಮಾರಾಯ್ರೆ! ದುಡ್ಡು ಇಟ್ಟುಕೊಂಡು ಚೆಕ್ ವಾಪಸ್ ಮಾಡಿದ್ದಾರೆ. ಮೇಲಿಂದ 590 ರೂಪಾಯಿ ಹಿಡಿದಿದ್ದಾರೆ" ಅಂದ. ಸುಳ್ಳು ಹೇಳುತ್ತಿಲ್ಲ ಅನ್ನುವುದಕ್ಕೆ ಸ್ಟೇಟ್‌ಮೆಂಟಿನ ಫೋಟೋವನ್ನೂ ಕಳಿಸಿದ.

```
BY CLG                1,20,000.00 CR  1,32,400.00
TO CLG 004127            85,000.00 DR    47,400.00
I/W RTN 004127           85,000.00 CR  1,32,400.00
CHQ RTN CHG + GST           590.00 DR  1,31,810.00
```

ಸುಮ್ನೆ ಓದಿದರೆ ಅವನು ಹೇಳಿದ್ದೇ ಸರಿ ಅನ್ನಿಸುತ್ತದೆ ಅಲ್ವಾ? 1,32,400 ಇದೆ, 85,000 ಕೊಡಲು ಏನು ಕಷ್ಟ? ಆದರೆ ಮೊದಲ ಸಾಲು ನೋಡಿ. ಅವನ 1,20,000 ಕೂಡ ಕ್ಲಿಯರಿಂಗಿನಿಂದ ಬಂದಿದ್ದು. ಅಂದರೆ ಅವನಿಗೂ ಯಾರೋ ಚೆಕ್ ಕೊಟ್ಟಿದ್ದಾರೆ, ಅವನೂ ಅವತ್ತು ಬೆಳಿಗ್ಗೆಯೇ ಅದನ್ನು ಹಾಕಿದ್ದಾನೆ. ಭಾವನ ಖಾತೆಯಲ್ಲಿ ಆಗಿದ್ದೇ ಅಲ್ಲೂ ಆಗಿದೆ. ಸಾಲು ಬಂದಿದೆ, ದುಡ್ಡು ಬಂದಿಲ್ಲ. ಭಾವನ ಚೆಕ್ಕಿನ ಚಿತ್ರ ಆ ಬ್ಯಾಂಕಿಗೆ ಬಂದ ಹೊತ್ತಿನಲ್ಲಿ ಅವನು ಬಳಸಬಹುದಾದ ದುಡ್ಡು ಬರೀ 12,400. ಉಳಿದದ್ದು ದಾರಿಯಲ್ಲಿತ್ತು. ಅವನಿಗೆ ಚೆಕ್ ಕೊಟ್ಟವನು ಒಳ್ಳೆಯವನೇ, ಅದು ಸಂಜೆ ಪಾಸಾಗಿದೆ. ಆದರೆ ಅಷ್ಟರೊಳಗೆ ಭಾವನದ್ದು 01 ಅನ್ನುವ ಕಾರಣ ಹೊತ್ತು ವಾಪಸ್ ಹೊರಟುಬಿಟ್ಟಿತ್ತು. 01 ಅಂದರೆ ಖಾತೆಯಲ್ಲಿ ಸಾಕಷ್ಟು ಹಣವಿಲ್ಲ.

ಬ್ಯಾಂಕಿನ ಆ್ಯಪ್‌ನಲ್ಲಿ ಎರಡು ಮೊತ್ತ ಕಾಣುತ್ತವೆ. ಒಂದು ಒಟ್ಟು ಬ್ಯಾಲೆನ್ಸ್, ಇನ್ನೊಂದು ಬಳಸಬಹುದಾದ ಬ್ಯಾಲೆನ್ಸ್, ಅಂದರೆ `Available Balance`. ಚೆಕ್ ಪಾಸಾಗುವುದು ಎರಡನೆಯದರ ಮೇಲೆ. ಸ್ಟೇಟ್‌ಮೆಂಟಿನ ಕೊನೆಯ ಕಾಲಮ್ಮಿನಲ್ಲಿ ಬರುವುದು ಸಾಮಾನ್ಯವಾಗಿ ಮೊದಲನೆಯದು. ಆ ವ್ಯಾಪಾರಿ ಕಾಲಮ್ ನೋಡಿ ಧೈರ್ಯ ಮಾಡಿದ.

ಇನ್ನೊಂದು ವಿಷಯದಲ್ಲೂ ಅವನು ಹಳೇ ಲೆಕ್ಕದಲ್ಲೇ ಇದ್ದ. ಮೊದಲೆಲ್ಲ ಇವತ್ತು ಹಾಕಿದ ಚೆಕ್ ಬರೆದವನ ಖಾತೆಗೆ ಬರುವುದು ಮಾರನೇ ದಿನ. ಹಾಗಾಗಿ ಇವತ್ತು ಚೆಕ್ ಕೊಟ್ಟು, ನಾಳೆ ಬೆಳಿಗ್ಗೆ ಬ್ಯಾಂಕ್ ಬಾಗಿಲು ತೆಗೆದ ಕೂಡಲೇ ದುಡ್ಡು ತುಂಬುವ ಅಭ್ಯಾಸ ನಮ್ಮ ಕಡೆ ವ್ಯಾಪಾರಿಗಳಿಗೆಲ್ಲ ಇತ್ತು. ಒಂದು ರಾತ್ರಿಯ ಸಾಲ, ಬಡ್ಡಿ ಇಲ್ಲ! 2025ರ ಅಕ್ಟೋಬರ್ 4ರಿಂದ ಆ ರಾತ್ರಿ ಕೈತಪ್ಪಿತು. ಈಗ ಬೆಳಿಗ್ಗೆ 9ರಿಂದ ಮಧ್ಯಾಹ್ನ 3ರವರೆಗೆ ಚೆಕ್ಕಿನ ಚಿತ್ರಗಳು ಬಂದಂತೆ ಬಂದಂತೆ ಹೋಗುತ್ತಿರುತ್ತವೆ. ಬರೆದವನ ಬ್ಯಾಂಕು ಅದೇ ದಿನ ಸಂಜೆ 7ರೊಳಗೆ ಪಾಸೋ ವಾಪಸ್ಸೋ ಹೇಳಬೇಕು. ಏನೂ ಹೇಳದಿದ್ದರೆ ಪಾಸು ಅಂತಲೇ ಲೆಕ್ಕ. ಹಾಗಿರುವಾಗ ಸಂಜೆವರೆಗೆ ನಿಮ್ಮ ದಾರಿ ಕಾಯುತ್ತಾ ಯಾರು ಕೂರುತ್ತಾರೆ? ಆ ಹೊತ್ತಿಗೆ ದುಡ್ಡಿಲ್ಲ ಅಂದರೆ ವಾಪಸ್ ಒತ್ತಿಬಿಡುತ್ತಾರೆ.

ಈಗ ಭಾವನ ಪ್ರಶ್ನೆಗೆ ಬರುತ್ತೇನೆ. ಎರಡು ಕಡೆ ದಂಡ ಯಾಕೆ?

ಎರಡು ಬ್ಯಾಂಕುಗಳಿವೆ, ಇಬ್ಬರಿಗೂ ತಮ್ಮ ತಮ್ಮ ಗಿರಾಕಿ ಮಾತ್ರ ಗೊತ್ತು. ವ್ಯಾಪಾರಿಯ ಬ್ಯಾಂಕು ಭಾವನ ಹತ್ತಿರ ಬರುವ ಹಾಗಿಲ್ಲ, ಭಾವನ ಬ್ಯಾಂಕು ವ್ಯಾಪಾರಿಯ ಖಾತೆಗೆ ಕೈ ಹಾಕುವ ಹಾಗಿಲ್ಲ. ವ್ಯಾಪಾರಿಯ ಬ್ಯಾಂಕು ಹಿಡಿದ 500 ರೂಪಾಯಿ, ಜಿಎಸ್‌ಟಿ 90 ಸೇರಿ 590, ಅದು ಶುದ್ಧ ದಂಡವೇ. ದುಡ್ಡಿಲ್ಲದೆ ಚೆಕ್ ಬರೆಯಬೇಡ ಅಂತ ಮುಟ್ಟಿ ನೋಡಿಕೊಳ್ಳುವ ಹಾಗೆ ಹಾಕುವುದು. ಭಾವನ ಬ್ಯಾಂಕು ಹಿಡಿದ 150ಕ್ಕೆ ಅವರು ಹೇಳುವ ಕಾರಣ ಬೇರೆ. ಚೆಕ್ ಕಳಿಸಿದೆವು, ವಾಪಸ್ ತೆಗೆದುಕೊಂಡೆವು, ಬರೆದಿದ್ದನ್ನು ಹೊಡೆದೆವು, ವಾಪಸ್ಸಿನ ಕಾರಣ ಬರೆದ ಮೆಮೊ ಕೊಟ್ಟೆವು, ಅದರ ಕೂಲಿ. ಭಾವನ 177 ವ್ಯಾಪಾರಿಗೂ ಹೋಗಲ್ಲ, ವ್ಯಾಪಾರಿಯ 590 ಭಾವನಿಗೂ ಬರಲ್ಲ. ಒಟ್ಟು 767 ರೂಪಾಯಿ ಎರಡು ಬ್ಯಾಂಕು ಮತ್ತು ಸರ್ಕಾರದ ಪಾಲು. ನಾನು ಹೇಳಿದ್ದು ಈ ಇಬ್ಬರ ಬ್ಯಾಂಕಿನ ದರ. ನಿಮ್ಮದು ಹೆಚ್ಚೂ ಇರಬಹುದು, ಕಡಿಮೆಯೂ ಇರಬಹುದು.

590ರ ಬಗ್ಗೆ ನನ್ನ ತಕರಾರಿಲ್ಲ. 177ರ ಬಗ್ಗೆ ಇದೆ, ಬ್ಯಾಂಕಿನಲ್ಲಿದ್ದಾಗಲೂ ಇತ್ತು. ಗಿರಾಕಿಯ ತಪ್ಪಿದ್ದಾಗ ಮಾತ್ರ ವಾಪಸ್ ಶುಲ್ಕ ಹಾಕಬೇಕು ಅಂತ ರಿಸರ್ವ್ ಬ್ಯಾಂಕು 2013ರಲ್ಲೇ ಹೇಳಿದೆ. ಚಿತ್ರ ಸರಿ ಬಂದಿಲ್ಲ ಅನ್ನುವಂಥ ತಾಂತ್ರಿಕ ಕಾರಣಕ್ಕೆ ವಾಪಸ್ಸಾದರೆ ಶುಲ್ಕವಿಲ್ಲದೆ 24 ಗಂಟೆಯೊಳಗೆ ಬ್ಯಾಂಕೇ ಮತ್ತೆ ಕಳಿಸಬೇಕು. ಇಂಥ ಕಾರಣಕ್ಕೆ ನಿಮ್ಮ ಖಾತೆಯಲ್ಲಿ ಕಟ್ ಆಗಿದ್ದರೆ ಮೆಮೊ ತೋರಿಸಿ ವಾಪಸ್ ಕೇಳಿ. ಆದರೆ ಬರೆದವನ ಖಾತೆಯಲ್ಲಿ ದುಡ್ಡಿಲ್ಲದೆ ವಾಪಸ್ಸಾದರೆ ಬ್ಯಾಂಕುಗಳು ಹಾಕಿದವನಿಂದಲೂ ಹಿಡಿಯುತ್ತಲೇ ಇವೆ. ಮೆಣಸು ಕೊಟ್ಟು, ಚೆಕ್ ತಗೊಂಡು, ಬ್ಯಾಂಕಿಗೆ ಹಾಕಿದ ಭಾವನ ತಪ್ಪೇನು? ಅವನ ಖಾತೆಯಲ್ಲಿ ದುಡ್ಡಿದೆಯಾ ಅಂತ ಇವನು ಇಣುಕಿ ನೋಡಲು ಆಗುತ್ತಾ? ಕೂಲಿ ಬೇಕಿದ್ದರೆ ಅದನ್ನು ಎರಡು ಬ್ಯಾಂಕುಗಳೇ ತಮ್ಮೊಳಗೆ ಹಂಚಿಕೊಂಡು ಬರೆದವನ ಲೆಕ್ಕಕ್ಕೇ ಸೇರಿಸಲಿ.

ಅಲ್ಲಿಯವರೆಗೆ ಸ್ಟೇಟ್‌ಮೆಂಟ್ ಓದಲು ಕಲಿಯುವುದೊಂದೇ ದಾರಿ. `O/W` ಮತ್ತು `I/W` ಅನ್ನುವುದನ್ನು ನಿಮ್ಮ ಕಡೆಯಿಂದಲ್ಲ, ಬ್ಯಾಂಕಿನ ಕಡೆಯಿಂದ ಓದಬೇಕು. ನಿಮ್ಮ ಬ್ಯಾಂಕಿನಿಂದ ಹೊರಗೆ ಹೋದ ಚೆಕ್ ವಾಪಸ್ ಬಂದರೆ `O/W RTN`, ಅಂದರೆ ನೀವು ಹಾಕಿದ ಬೇರೆಯವರ ಚೆಕ್. ಹೊರಗಿನಿಂದ ನಿಮ್ಮ ಬ್ಯಾಂಕಿಗೆ ಬಂದಿದ್ದನ್ನು ವಾಪಸ್ ಕಳಿಸಿದರೆ `I/W RTN`, ಅಂದರೆ ನೀವೇ ಬರೆದ ಚೆಕ್. ಸಾಲಕ್ಕೆ ಅರ್ಜಿ ಹಾಕಿದಾಗ ಆರು ತಿಂಗಳ ಸ್ಟೇಟ್‌ಮೆಂಟ್ ಕೇಳುತ್ತಾರಲ್ಲ, ಆಗ ಅವರು ಬೆರಳಿಟ್ಟು ಎಣಿಸುವುದು ಎರಡನೆಯದನ್ನು. ಕೆಲವು ಬ್ಯಾಂಕುಗಳು ಹಾಗೂ ಹೀಗೂ ಬರೆಯದೆ ಬರೀ `CHQ RTN` ಅಂತ ಬಿಡುತ್ತವೆ. ಆಗ ಸಾಲಿನ ಕ್ರಮ ನೋಡಿ. ಮೊದಲು ಜಮಾ, ಆಮೇಲೆ ಖರ್ಚು ಬಂದಿದ್ದರೆ ನೀವು ಹಾಕಿದ್ದು. ಮೊದಲು ಖರ್ಚು, ಆಮೇಲೆ ಜಮಾ ಬಂದಿದ್ದರೆ ನೀವು ಬರೆದದ್ದು. ಇನ್ನು ಕೆಲವು ಕಡೆ ಬರೆದವನ ಸ್ಟೇಟ್‌ಮೆಂಟಿನಲ್ಲಿ ಚೆಕ್ಕಿನ ಸಾಲೇ ಇರುವುದಿಲ್ಲ, ಶುಲ್ಕದ ಸಾಲು ಮಾತ್ರ ಇರುತ್ತದೆ. ಜನ ಅದನ್ನು ಎಟಿಎಂ ಚಾರ್ಜು ಅಂದುಕೊಂಡು ಬಿಟ್ಟುಬಿಡುತ್ತಾರೆ.

ಕೇಸಿನ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ, ಭಾವ ಹಟ ಹಿಡಿದಿದ್ದನಲ್ಲ. ಚೆಕ್ ವಾಪಸ್ಸಾದ ಸುದ್ದಿ ಬ್ಯಾಂಕಿನಿಂದ ಸಿಕ್ಕ 30 ದಿನದೊಳಗೆ ಬರೆದವನಿಗೆ ಬರಹದಲ್ಲಿ ನೋಟಿಸ್ ಹೋಗಬೇಕು. ನೋಟಿಸ್ ಕೈಗೆ ಸಿಕ್ಕಮೇಲೆ ಕೊಡಲು ಅವನಿಗೆ 15 ದಿನ. ಆಗಲೂ ಕೊಡದಿದ್ದರೆ ಮಾತ್ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನಲ್ಲಿ ಕೋರ್ಟು. ಅದಕ್ಕೇ ಮೆಮೊ ಕಾಗದ ಬಿಸಾಡಬಾರದು. ಆದರೆ ಚೆಕ್ಕಿನ ತಾರೀಖಿನಿಂದ ಮೂರು ತಿಂಗಳವರೆಗೆ ಅದೇ ಚೆಕ್ಕನ್ನು ಮತ್ತೆ ಹಾಕಲೂ ಬರುತ್ತದೆ. ಮತ್ತೆ ವಾಪಸ್ಸಾದರೆ ಮತ್ತೆ 177, ಆ ಕಡೆ ಮತ್ತೆ 590. ಹಾಗಾಗಿ ಕೇಳದೆ ಹಾಕಬೇಡಿ.

ಭಾವ ಕೇಳಿ ಹಾಕಿದ. ವ್ಯಾಪಾರಿ `Available Balance` ಕಾಣುವ ಫೋಟೋ ಕಳಿಸಿದ ಮೇಲೆ, ಸೋಮವಾರ ಬೆಳಿಗ್ಗೆ ಅದೇ ಚೆಕ್ ತಗೊಂಡು ಹೋದ. ಸಂಜೆ ಮತ್ತೆ ನಮ್ಮ ಜಗಲಿಗೆ ಬಂದು ಮೊಬೈಲ್ ಮುಂದೆ ಹಿಡಿದ. 004127 ಜಮಾ ಆಗಿತ್ತು, ಕೆಳಗೆ ವಾಪಸ್ ಸಾಲು ಇರಲಿಲ್ಲ. ಅದರ ಕೆಳಗೆ ಇನ್ನೊಂದು ಪುಟ್ಟ ಜಮಾ, `UPI` ಅಂತ ಶುರುವಾಗಿದ್ದು, 177 ರೂಪಾಯಿ.

"ಇದನ್ನು ನಾನು ಕೇಳಲಿಲ್ಲ, ಅವನೇ ಹಾಕಿದ" ಅಂದ ಭಾವ. ಈ ಸಲ ಕಾಫಿ ಕುಡಿದ.