ವಯಲಿನ್ ಖುಂಟಿ ಮಳೆಗಾಲದಲ್ಲಿ ಸಿಕ್ಕಿಕೊಳ್ಳುತ್ತೆ, ತಪ್ಪು ಮಾತ್ರ ಬೇಸಿಗೆಯದು

ಬೆಳಗಾವಿಯಲ್ಲಿ ಜುಲೈ ಮಳೆ ಹಿಡಿದರೆ ನಮ್ಮ ಮನೆಯಲ್ಲಿ ಉಪ್ಪಿನ ಡಬ್ಬಿ ನೀರಾಗುತ್ತೆ, ಬಾಗಿಲು ಚೌಕಟ್ಟಿಗೆ ಕಚ್ಚುತ್ತೆ. ಅದೇ ವಾರ ಯಾರಾದರೂ ವಯಲಿನ್ ಹಿಡಿದುಕೊಂಡು ಬಂದೇ ಬರುತ್ತಾರೆ. "ಸರ್, ಖುಂಟಿ ಅಲ್ಲಾಡವಲ್ದ್ರೀ." ಮೈಸೂರು ಕಡೆಯವರು ಬಿರಡೆ ಅಂತಾರಲ್ಲ, ತಂತಿ ಸುತ್ತಿ ಬಿಗಿ ಮಾಡೋ ಮರದ ಗೂಟ, ಅದೇ.

ಈ ಸಲ ಬಂದಿದ್ದು ವಿಜಯಪುರದಿಂದ ಇಲ್ಲಿಗೆ ಕಾಲೇಜಿಗೆ ಬಂದ ಹುಡುಗಿ. ಬಸ್ಸಿನಲ್ಲಿ ತರುವಾಗ ತಂತಿ ಇಳಿಸಿದ್ದಳಂತೆ. ಇಲ್ಲಿ ಬಂದು ಏರಿಸಲು ಹೋದರೆ ಎರಡನೇ ತಂತಿಯ ಖುಂಟಿ ಕಲ್ಲು. ರಿಪೇರಿಯವನೊಬ್ಬ ಪಕ್ಕಡ್ ಹಾಕಿ ತಿರುಗಿಸಿದ್ದ. ಖುಂಟಿಯ ತಲೆಯ ಮೇಲೆ ಹಲ್ಲಿನ ಗುರುತು, ಬುಡದಲ್ಲಿ ಎಣ್ಣೆ. ಎಣ್ಣೆ ಯಾಕೆ ಹಾಕ್ತಾರೋ ನನಗಂತೂ ಅರ್ಥವಾಗಿಲ್ಲ. ಅದು ಮರಕ್ಕೆ ಇಳಿಯುತ್ತೆ, ಆಮೇಲೆ ಆ ಖುಂಟಿ ಶ್ರುತಿಯಲ್ಲಿ ನಿಲ್ಲೋದಿಲ್ಲ.

"ಬೇಸಿಗೆಯಾಗ ಜಾರ್ತಿತ್ತೇನವಾ?" ಅಂತ ಕೇಳಿದೆ.

"ಹೌದ್ರೀ ಸರ್. ಒಳಗ ಜೋರಾಗಿ ಒತ್ತಿದ್ದೆ."

ರೋಗ ಇಲ್ಲೇ ಇದೆ. ಖುಂಟಿ ಅಂದರೆ ತೆಳ್ಳನೆ ಬೆಣೆ. ತಲೆಯ ಕಡೆ ದಪ್ಪ, ತುದಿಯ ಕಡೆ ಸಣ್ಣ. ವಿಜಯಪುರದ ಏಪ್ರಿಲ್ ಬಿಸಿಲಿಗೆ ಮರ ಒಣಗಿ ಕುಗ್ಗುತ್ತೆ, ಖುಂಟಿ ಜಾರುತ್ತೆ. ನಾವು ಇನ್ನಷ್ಟು ಒಳಗೆ ತುರುಕುತ್ತೇವೆ. ಆಮೇಲೆ ಮಳೆ ಬಂದಾಗ ಅದು ಅಲ್ಲೇ ಉಬ್ಬುತ್ತೆ. ಮರ ಉದ್ದಕ್ಕೆ ಉಬ್ಬುವುದು ಇಲ್ಲವೆನ್ನುವಷ್ಟು ಕಡಿಮೆ, ದಪ್ಪಕ್ಕೆ ಉಬ್ಬುತ್ತೆ. ಖುಂಟಿ ಸುತ್ತಲೂ ದಪ್ಪವಾಗುತ್ತೆ. ತೂತು ಮಾತ್ರ ಒಂದೇ ಕಡೆಗೆ ಹಿಗ್ಗುತ್ತೆ, ಖುಂಟಿಗಳು ಕೂರುವ ಪೆಗ್‌ಬಾಕ್ಸಿನ ಮರದ ಎಳೆ ಹೋದ ದಿಕ್ಕಿಗೆ ಹಿಗ್ಗಲ್ಲ. ಅಲ್ಲೇ ಕಚ್ಚಿಕೊಳ್ಳುತ್ತೆ. ಬಲವಂತ ಮಾಡಿದರೆ ಸೀಳು ಬಿಡುವುದೂ ಅದೇ ಎಳೆಯ ಗುಂಟ, ತೂತಿನಿಂದ ತೂತಿಗೆ.

ಮೊದಲು ಟಾರ್ಚ್ ಹಿಡಿದು ಪೆಗ್‌ಬಾಕ್ಸಿನ ಒಳಗೂ ಹೊರಗೂ ನೋಡಿದೆ. ಕೂದಲಿನಂಥ ಗೆರೆ ಇದ್ದಿದ್ದರೆ ನಾನು ಕೈಯೇ ಹಚ್ಚುತ್ತಿರಲಿಲ್ಲ. ಅದು ವಯಲಿನ್ ಕಟ್ಟುವವರ ಕೆಲಸ. ಫೆವಿಕ್ವಿಕ್ ಸುರಿದು ತಂದರೆ ಅವರಿಗೂ ಕಷ್ಟ.

ಗೆರೆ ಇರಲಿಲ್ಲ. ಆದರೂ ಆ ದಿನ ಖುಂಟಿ ಮುಟ್ಟಲಿಲ್ಲ. ವಯಲಿನ್ ಕೇಸಿನಲ್ಲಿ ನಾಲ್ಕು ಸಿಲಿಕಾ ಜೆಲ್ ಚೀಲ ಇಟ್ಟು ಮುಚ್ಚಿದೆ. ಒಳಗಿನ ತೇವದ ಮೀಟರ್ 84 ತೋರಿಸುತ್ತಿತ್ತು. ಮೂರನೇ ದಿನ 60ಕ್ಕೆ ಬಂತು. "ಹೇರ್ ಡ್ರೈಯರ್ ಹಿಡಿದ್ರ ಲಗೂನ ಆಗ್ತೈತಲ್ರೀ" ಅಂದಳು. ಆಗುತ್ತೆ, ಆದರೆ ಮೇಲ್ಮೈ ಒಣಗಿ ಒಳಗೆ ಹಸಿ ಉಳಿಯುತ್ತೆ, ಮರ ಬಿರಿಯುತ್ತೆ. ವಾರ್ನಿಶ್ ಬೇರೆ ಹಾಳು.

ಮೂರು ದಿನ ಒಣಗಿದ ಮೇಲೂ ಕೈಯಲ್ಲಿ ತಿರುಗಲಿಲ್ಲ. ಆಗ ಹಿಂದಿನಿಂದ ತಳ್ಳಬೇಕು. ಖುಂಟಿಯ ಸಣ್ಣ ತುದಿ ಪೆಗ್‌ಬಾಕ್ಸಿನ ಆಚೆ ಗೋಡೆಯಲ್ಲಿ ಕಾಣುತ್ತೆ ಅಲ್ವಾ, ಅಲ್ಲಿಂದ. ಎರಡು ಮರದ ತುಂಡುಗಳ ಮೇಲೆ ಬಟ್ಟೆ ಹಾಸಿ ನಡುವೆ ಸಂದು ಬಿಟ್ಟೆ. ಖುಂಟಿಯ ತಲೆ ಸಂದಿನಲ್ಲಿ ಕೆಳಗೆ ತೂಗುವ ಹಾಗೆ, ಅದು ಹೊರಬರುವ ಗೋಡೆ ಮಾತ್ರ ತುಂಡುಗಳ ಮೇಲೆ ಕೂರುವ ಹಾಗೆ ವಯಲಿನ್ ಮಲಗಿಸಿದೆ. ಇದೊಂದನ್ನು ಮರೆಯಬೇಡಿ. ತೂತಿನ ಪಕ್ಕದಲ್ಲೇ ಗೋಡೆಗೆ ಆಸರೆ ಇರದಿದ್ದರೆ ಪೆಟ್ಟೆಲ್ಲ ಗೋಡೆಯೇ ತಿನ್ನುತ್ತೆ. ಹುಡುಗಿ ಎರಡೂ ಕೈಯಲ್ಲಿ ವಯಲಿನ್ ಮೈ ಹಿಡಿದುಕೊಂಡಳು.

ಸಣ್ಣ ತುದಿಗಿಂತ ತುಸು ತೆಳ್ಳಗಿನ ಮರದ ಕಡ್ಡಿ ಅದರ ಮೇಲೆ ನೆಟ್ಟಗೆ ಇಟ್ಟು ತಟ್ಟಿದೆ. ಪೆನ್ಸಿಲ್‌ನಿಂದ ಟೇಬಲ್ ತಟ್ಟಿದಷ್ಟೇ. ಐದಾರು ಸಲ ಏನೂ ಆಗಲಿಲ್ಲ. ಜೋರು ಮಾಡಬೇಕು ಅನ್ನಿಸುತ್ತೆ, ಮಾಡಬಾರದು. ಏಳನೆಯದಕ್ಕೋ ಎಂಟನೆಯದಕ್ಕೋ "ಟಿಕ್" ಅಂತ ಒಣ ಸದ್ದು ಬಂತು, ಖುಂಟಿಯ ತಲೆ ಒಂದು ಕೂದಲೆಳೆಯಷ್ಟು ಕೆಳಗಿಳಿಯಿತು. ಸದ್ದು "ಚರ್" ಅಂತ ಎಳೆದುಕೊಂಡು ಬಂದರೆ ಅಲ್ಲಿಗೇ ಕೈ ಬಿಡಬೇಕು.

ಉಳಿದದ್ದು ಕೈಯಿಂದಲೇ. ಅಡುಗೆಮನೆಯ ರಬ್ಬರ್ ಗ್ಲೌಸ್ ಹಾಕಿ, ತಂತಿ ಸಡಿಲವಾಗುವ ಕಡೆಗೆ ತಿರುಗಿಸುತ್ತಾ ನೆಟ್ಟಗೆ ಹೊರಗೆಳೆದೆ. ಹಲ್ಲು ಕೀಳುವಾಗಿನಂತೆ ಅತ್ತಿತ್ತ ಅಲುಗಾಡಿಸಿದರೆ ಖುಂಟಿ ಸನ್ನೆಗೋಲಾಗಿ ಗೋಡೆಯನ್ನು ಸೀಳುತ್ತೆ. ಉಳಿದ ಮೂರು ತಂತಿ ಮುಟ್ಟಲಿಲ್ಲ. ಎಲ್ಲ ಒಟ್ಟಿಗೆ ಬಿಚ್ಚಿದರೆ ತಂತಿಗಳನ್ನು ಎತ್ತಿ ಹಿಡಿದ ಬ್ರಿಜ್ ಬೀಳುತ್ತೆ, ಒಳಗೆ ಆನಿಸಿ ನಿಲ್ಲಿಸಿದ ಸೌಂಡ್‌ಪೋಸ್ಟ್ ಕಡ್ಡಿ ಬಿದ್ದರೂ ಬಿತ್ತು.

ಖುಂಟಿ ಒಣಬಟ್ಟೆಯಲ್ಲಿ ಒರೆಸಿದೆ. ಎರಡು ಕಡೆ ಹೊಳೆಯುವ ಪಟ್ಟಿ ಇತ್ತು, ಗೋಡೆಗೆ ಉಜ್ಜುವ ಜಾಗ. ಪಟ್ಟಿ ಸುತ್ತಲೂ ಸಮ ಇರಲಿಲ್ಲ, ಎದುರುಬದುರು ಮಾತ್ರ ಹೊಳೆಯುತ್ತಿತ್ತು. ಅಂದರೆ ಖುಂಟಿ ಮೊಟ್ಟೆಯಾಕಾರ ಆಗಿದೆ. ಈ ವರ್ಷ ನಡೆಯುತ್ತೆ, ಮುಂದೆ ತೀಡಿಸಬೇಕು. ಪಟ್ಟಿಯ ಮೇಲೆ ಒಣ ಸಾಬೂನು ತಿಕ್ಕಿ, ಅದರ ಮೇಲೆ ಕರಿಹಲಗೆಯ ಸೀಮೆಸುಣ್ಣ ಸವರಿದೆ. ಸಾಬೂನಿಗೆ ತಿರುಗುತ್ತೆ, ಸುಣ್ಣಕ್ಕೆ ನಿಲ್ಲುತ್ತೆ. ಎಣ್ಣೆ ಕುಡಿದ ಜಾಗಕ್ಕೆ ಸುಣ್ಣ ಎರಡು ಸಲ ಬೇಕಾಯಿತು.

ರಜೆಗೆ ಊರಿಗೆ ಹೋದವಳು ನಿನ್ನೆ ಫೋನ್ ಮಾಡಿದ್ದಳು. "ಸರ್, ಇಲ್ಲಿ ಮತ್ತ ಜಾರಾಕತ್ತೈತ್ರೀ."

"ಒತ್ತಬ್ಯಾಡವಾ, ಸುಣ್ಣ ಹಚ್ಚು" ಅಂದೆ.