ಎರಡೂ ಕಣ್ಣು ಮುಚ್ಚಿ ಹಚ್ಚಿಕೊಳ್ಳುವ ಎಣ್ಣೆ

ಆ ಬ್ಯಾನರನ್ನು ನೀವೂ ನೋಡಿರುತ್ತೀರಿ. ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಗೆ ಹೋದವರಿಗೆ ಅದನ್ನು ತಪ್ಪಿಸಿಕೊಂಡು ದಾಟುವ ದಾರಿಯೇ ಇರಲಿಲ್ಲ. ಒಂದು ಕಡೆ ಮಿರ್ಚಿ ಭಜಿ, ಇನ್ನೊಂದು ಕಡೆ ಬಳೆ ಅಂಗಡಿ, ನಡುವೆ ಆಳೆತ್ತರದ ಅಕ್ಷರಗಳಲ್ಲಿ: "ಮಣಕಾಲ ನೋವಿಗೆ ದಿವ್ಯ ತೈಲ. ಡಬಲ್ ಬ್ಲೈಂಡ್ ಪರೀಕ್ಷೆಯಲ್ಲಿ 92% ಗುಣ." ಪಕ್ಕದಲ್ಲಿ ಬಿಳಿ ಕೋಟು ತೊಟ್ಟ ಪರದೇಶದ ಮನುಷ್ಯನೊಬ್ಬ ಮೈಕ್ರೋಸ್ಕೋಪಿನಲ್ಲಿ ಇಣುಕುತ್ತಿದ್ದ. ಅದರೊಳಗೆ ಮಣಕಾಲು ಹೇಗೆ ಹಿಡಿಸಿತೋ ಆ ಸಿದ್ಧೇಶ್ವರನೇ ಬಲ್ಲ.

ನಮ್ಮ ಜಾತ್ರೆ ಎಷ್ಟು ಮುಂದುವರಿದಿದೆ ನೋಡಿ. ನಾನು ಸಣ್ಣವನಿದ್ದಾಗ ಇಂಥ ಎಣ್ಣೆ ಮಾರುವವರು ಒಂದು ಉಡವನ್ನೋ, ಗಾಜಿನ ಭರಣಿಯಲ್ಲಿ ಒಂದು ಹಾವನ್ನೋ ಇಟ್ಟುಕೊಂಡು ಕೂಡುತ್ತಿದ್ದರು. ಈಗ ಉಡದ ಜಾಗಕ್ಕೆ ಡಬಲ್ ಬ್ಲೈಂಡ್ ಬಂದಿದೆ. ಉಡಕ್ಕಾದರೂ ಜೀವ ಉಳಿಯಿತು.

"ತಮ್ಮಾ, ಡಬಲ್ ಬ್ಲೈಂಡ್ ಅಂದ್ರ ಏನಪಾ?" ಅಂತ ಎಣ್ಣೆ ಮಾರುವ ಹುಡುಗನನ್ನು ಕೇಳಿದೆ.

"ಎರಡೂ ಕಣ್ಣು ಮುಚ್ಚಿ ನಂಬಬಹುದು ಅಂತ್ರೀ ಸರ್," ಅಂದ. ಅರೆಕ್ಷಣವೂ ತಡಮಾಡಲಿಲ್ಲ.

ನಾನು ವೈದ್ಯನಲ್ಲ. ಮೂವತ್ತು ವರ್ಷ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸಿ ಹುಡುಗರನ್ನು ನಿದ್ದೆಗೆ ಹಚ್ಚಿದವನು. ಹಾಗಾಗಿ 92 ಎಂಬ ಅಂಕಿ ಕಂಡರೆ ಸುಮ್ಮನೆ ಮುಂದೆ ಹೋಗಲು ಕಾಲು ಬರುವುದಿಲ್ಲ. "ಲೆಕ್ಕ ತೋರಿಸು" ಅಂದೆ. ಅಚ್ಚರಿಯೆಂದರೆ ತೋರಿಸಿದ! ಪಾಪ, ಪ್ರಾಮಾಣಿಕ ಹುಡುಗ. ಹೋದ ವರ್ಷದ ನೂರು ಪುಟದ ನೋಟ್‌ಬುಕ್ಕು, ಅದರಲ್ಲಿ ಬಾಟಲಿ ಕೊಂಡ 200 ಜನರ ಹೆಸರು, ಮೊಬೈಲ್ ನಂಬರು. ತಿಂಗಳಾದ ಮೇಲೆ ಎಲ್ಲರಿಗೂ ಫೋನು ಹಚ್ಚಿದ್ದನಂತೆ. ಎತ್ತಿದವರು 25 ಜನ. ಅವರಲ್ಲಿ 23 ಮಂದಿ "ಕಡಿಮಿ ಆಗ್ಯಾದ" ಅಂದರು. ಇಪ್ಪತ್ತೈದಕ್ಕೆ ಇಪ್ಪತ್ಮೂರು, 92%. ಗುಣಾಕಾರ ಭಾಗಾಕಾರದಲ್ಲಿ ಕೂದಲೆಳೆಯಷ್ಟೂ ತಪ್ಪಿಲ್ಲ.

ಉಳಿದ 175 ಮಂದಿ? "ಅವ್ರು ಎತ್ತಲಿಲ್ರೀ." ಎಣ್ಣೆ ಹಚ್ಚಿ ಓಡಾಡುವಂತಾಗಿ ಫೋನು ಮನೆಯಲ್ಲಿ ಬಿಟ್ಟು ಹೊಲಕ್ಕೆ ಹೋದರೋ, ನಂಬರು ನೋಡಿದ ಕೂಡಲೇ ಬೈದು ಕಟ್ ಮಾಡಿದರೋ, ಯಾರಿಗೂ ಗೊತ್ತಿಲ್ಲ. ಅವರೆಲ್ಲರಿಗೂ ಗುಣವಾಗಿಲ್ಲ ಎಂದು ನಾನು ಹೇಳಿದರೆ ಅದೂ ತಪ್ಪೇ. ಆದರೆ ಅವರನ್ನು ಲೆಕ್ಕದಿಂದ ಎತ್ತಿಟ್ಟ ಮೇಲೆ ಉಳಿಯುವ 92 ಎಣ್ಣೆಯ ಗುಣವನ್ನು ಹೇಳುವುದಿಲ್ಲ, ಫೋನು ಎತ್ತುವವರ ಸ್ವಭಾವವನ್ನು ಹೇಳುತ್ತದೆ. ಯಾವುದೇ ಔಷಧದ ಫಲಿತಾಂಶ ಕೈಗೆ ಬಂದಾಗ ನಾನು ಮೊದಲು ಹುಡುಕುವುದು ಈ ಎರಡು ಅಂಕಿಗಳನ್ನು: ಶುರುವಿನಲ್ಲಿ ಎಷ್ಟು ಜನ, ಕಡೆಗೆ ಲೆಕ್ಕಕ್ಕೆ ಸಿಕ್ಕವರು ಎಷ್ಟು.

ಇನ್ನು ಆ 23 ಜನ. ಅವರು ಸುಳ್ಳು ಹೇಳಿಲ್ಲ, ನಿಜಕ್ಕೂ ನೋವು ಕಡಿಮೆಯಾಗಿದೆ. ಯಾಕಾಗಬಾರದು? ಎಣ್ಣೆ ಕೊಂಡದ್ದು ಸಂಕ್ರಾಂತಿಯ ಥಂಡಿಯಲ್ಲಿ, ಕೀಲು ಹಿಡಿದು ಮೂಲೆಗೆ ಕೂತಾಗ. ಫೋನು ಬಂದದ್ದು ಶಿವರಾತ್ರಿಯ ಹೊತ್ತಿಗೆ. ಚಳಿಯೇ "ಶಿವ ಶಿವ" ಅಂತ ಹೋದ ಮೇಲೆ ನೋವು ಒಂದೇ ಕೂತು ಏನು ಮಾಡೀತು? ನೋವು ಏರಿಳಿಯುವ ವಸ್ತು. ತೀರಾ ಏರಿದಾಗಲೇ ನಾವು ಔಷಧಕ್ಕೆ ಓಡುವುದು. ಅಲ್ಲಿಂದ ಅದು ಇಳಿಯಲೇಬೇಕು, ಇಳಿದದ್ದರ ಪುಣ್ಯ ಮಾತ್ರ ಆ ಹೊತ್ತಿಗೆ ಕೈಯಲ್ಲಿದ್ದ ಬಾಟಲಿಗೆ.

ಅದಕ್ಕೇ ಎರಡನೇ ಗುಂಪು ಬೇಕು. ಅದೇ ಥಂಡಿ, ಅದೇ ವಯಸ್ಸು, ಅದೇ ಆಸೆ. ಎಣ್ಣೆ ಮಾತ್ರ ಹುಸಿ. ಯಾರು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಬೇಕು. ಇಲ್ಲವಾದರೆ ಉತ್ಸಾಹದಿಂದ ಬಂದವನಿಗೆ ಅಸಲಿ, ಗೊಣಗುವ ಮುದುಕನಿಗೆ ನಕಲಿ ಅಂತ ಕೈ ತಾನಾಗಿಯೇ ಹಂಚಿಬಿಡುತ್ತದೆ. ಮತ್ತೆ, ಹಚ್ಚಿಕೊಳ್ಳುವವನಿಗೂ, "ಹ್ಯಾಂಗದ?" ಅಂತ ಕೇಳಿ ಬರೆದುಕೊಳ್ಳುವವನಿಗೂ ಯಾವುದು ಅಸಲಿ ಎಂದು ತಿಳಿದಿರಬಾರದು. ಇಬ್ಬರೂ ಕುರುಡರು, ಅದಕ್ಕೆ ಡಬಲ್. ನಮ್ಮ ಹುಡುಗನ ಪ್ರಯೋಗದಲ್ಲಿ ಮಾಡುವವನು, ಮಾರುವವನು, ಕೇಳುವವನು, ಬರೆದುಕೊಳ್ಳುವವನು ಎಲ್ಲರೂ ಒಬ್ಬನೇ, ಅವನಿಗೆ ನಾಲ್ಕೂ ಕಣ್ಣು ಚೆನ್ನಾಗಿ ಕಾಣುತ್ತವೆ.

ಇದನ್ನೆಲ್ಲ ಹೇಳಿದೆ. ಅವನು ಬಾಟಲಿ ಬಿಚ್ಚಿ ನನ್ನ ಮಣಿಕಟ್ಟಿಗೆ ನಾಲ್ಕು ಹನಿ ಹಚ್ಚಿದ. ಕರ್ಪೂರದ ಘಾಟು, ಮೆಣಸಿನಕಾಯಿಯ ಉರಿ. "ನೋಡ್ರೀ, ಕೆಲಸ ಶುರು ಆತು!"

ಇಲ್ಲಿ ನನಗೆ ಅಮೆರಿಕದ ಸರ್ಕಾರಿ ನೌಕರರ ನೆನಪಾಯಿತು. 1970ರ ಹೊತ್ತಿಗೆ ನೊಬೆಲ್ ವಿಜ್ಞಾನಿ ಲೈನಸ್ ಪಾಲಿಂಗ್, ವಿಟಮಿನ್ ಸಿ ಗ್ರಾಂಗಟ್ಟಲೆ ತಿಂದರೆ ನೆಗಡಿ ಹತ್ತಿರ ಸುಳಿಯುವುದಿಲ್ಲ ಎಂದು ಸಾರುತ್ತಿದ್ದರು. ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಎನ್‌ಐಎಚ್ ತನ್ನದೇ 311 ನೌಕರರ ಮೇಲೆ ಇದನ್ನು ಪರೀಕ್ಷಿಸಿತು. ಚೀಟಿ ಹಾಕಿದಂತೆ ಹಂಚಿಕೆ, ಒಂದೇ ತರಹ ಕಾಣುವ ಕ್ಯಾಪ್ಸೂಲು, ಒಂಬತ್ತು ತಿಂಗಳ ಕಾಲ. ಅಸಲಿಯಲ್ಲಿ ವಿಟಮಿನ್ ಸಿ, ನಕಲಿಯಲ್ಲಿ ಹಾಲಿನ ಸಕ್ಕರೆ. ಎಲ್ಲ ಅಚ್ಚುಕಟ್ಟು. ಆದರೆ ಒಂದು ಮರೆತರು: ಮನುಷ್ಯನಿಗೆ ನಾಲಿಗೆ ಇದೆ.

ಒಂಬತ್ತು ತಿಂಗಳು ಕೈಯಲ್ಲಿ ಒಂದು ಗುಟ್ಟಿನ ಗುಳಿಗೆ ಹಿಡಿದುಕೊಂಡು, ಅದರೊಳಗೆ ಏನಿದೆ ಅಂತ ನೋಡದೆ ಇರುವ ನೌಕರ ಯಾವ ದೇಶದಲ್ಲಿದ್ದಾನೆ? ನಮ್ಮ ಸಂತೆಯಲ್ಲಿ ಒಂದು ತುಣುಕು ಬಾಯಿಗೆ ಹಾಕಿಕೊಳ್ಳದೆ ಬೆಲ್ಲ ಕೊಳ್ಳುವವರುಂಟೆ? ಶೇಂಗಾ ರಾಶಿಯ ಮುಂದೆ ಅರ್ಧ ಪಾವು ತಿಂದ ಮೇಲೆಯೇ "ಈ ಸಲ ಕಾಳು ಸಣ್ಣದವ" ಎಂಬ ತೀರ್ಪು. ಅವರೂ ಹಾಗೆಯೇ ಕ್ಯಾಪ್ಸೂಲು ಕಚ್ಚಿದರು. ಹುಳಿ ಬಂದರೆ ವಿಟಮಿನ್ ಸಿ, ಸಪ್ಪಗೆ ಸಿಹಿಯಾದರೆ ಹಾಲಿನ ಸಕ್ಕರೆ. ನಮ್ಮ ಇಂಡಿ ತಾಲೂಕಿನ ನಿಂಬೆ ತೋಟದ ಕೂಸಾದರೂ ಹೇಳಿಬಿಡುತ್ತಿತ್ತು. ಎಷ್ಟೋ ಮಂದಿ ಇದು ಇಂಥದ್ದೇ ಎಂದು ಊಹಿಸಿದರು, ಹೆಚ್ಚಿನವರ ಊಹೆ ಸರಿಯೂ ಆಗಿತ್ತು. ಕೊನೆತನಕ ಉಳಿದವರು 190, ನಡುವೆ ಬಿಟ್ಟು ಹೋದವರು 121.

1975ರಲ್ಲಿ ಫಲಿತಾಂಶ ಬಂತು. ನಕಲಿಯವರ ನೆಗಡಿ ಸರಾಸರಿ 7 ದಿನ. ಅತಿ ಹೆಚ್ಚು ವಿಟಮಿನ್ ತಿಂದವರದು ಸುಮಾರು 6 ದಿನ. ಒಂದು ದಿನದ ಲಾಭ! ಇಷ್ಟಕ್ಕೇ ನಿಂತಿದ್ದರೆ ಅದರ ಮೇಲೆ ಎಷ್ಟು ಬ್ಯಾನರು ಬರೆಯಬಹುದಿತ್ತು. ಆದರೆ ಆ ಸಂಶೋಧಕರು ಮರ್ಯಾದಸ್ಥರು. ಗುಟ್ಟು ಗೊತ್ತಾದವರನ್ನು ಬೇರೆ, ಗೊತ್ತಾಗದವರನ್ನು ಬೇರೆ ಮಾಡಿ ಮತ್ತೆ ಲೆಕ್ಕ ಹಾಕಿದರು. ಗೊತ್ತಾಗದವರಲ್ಲಿ ಆ ಒಂದು ದಿನವೂ ಕರಗಿತ್ತು. ಅಂದರೆ ನೆಗಡಿ ಮೊಟಕಾಗಿದ್ದು ವಿಟಮಿನ್ನಿನಿಂದಲೋ ನಾಲಿಗೆಯಿಂದಲೋ ಹೇಳುವಂತಿಲ್ಲ ಎಂದು ಅವರೇ ಬರೆದರು.

ಈಗ ಮಣಿಕಟ್ಟು ಉರಿಯುವ ಎಣ್ಣೆಗೆ ಬನ್ನಿ. ಇದರ ಜೋಡಿ ಬರಿಯ ಕುಸುಬೆ ಎಣ್ಣೆ ಇಟ್ಟು "ಬ್ಲೈಂಡ್" ಎಂದರೆ ಮೊದಲ ದಿನವೇ ಎಲ್ಲರ ಕಣ್ಣೂ ತೆರೆಯುತ್ತವೆ. ಹುಸಿ ಎಣ್ಣೆಯೂ ಉರಿಯಬೇಕು, ನಾರಬೇಕು. ಮೆಣಸಿನಕಾಯಿಗೆ ಖಾರ ಕೊಡುವ ಕ್ಯಾಪ್ಸೈಸಿನ್ ಇರುವ, ಚರ್ಮಕ್ಕೆ ಅಂಟಿಸುವ ಪಟ್ಟಿಯನ್ನು ನರದ ನೋವಿಗೆ ಪರೀಕ್ಷಿಸಿದವರು 8% ಪಟ್ಟಿಯ ಎದುರು ಏನೂ ಇಲ್ಲದ ಪಟ್ಟಿ ಇಡಲಿಲ್ಲ, 0.04% ಇರುವ ಪಟ್ಟಿಯನ್ನೇ ಇಟ್ಟರು, ಸ್ವಲ್ಪ ಚುರುಗುಟ್ಟಲಿ ಅಂತ. (ನನ್ನನ್ನು ಕೇಳಿದ್ದರೆ ಬ್ಯಾಡಗಿ ಮೆಣಸಿನಕಾಯಿ ಹೇಳುತ್ತಿದ್ದೆ. ಬಣ್ಣ ನೋಡಿದರೆ ಎದೆ ನಡುಗಬೇಕು, ಖಾರ ಮಾತ್ರ ಹೆಸರಿಗಷ್ಟೇ.)

ಹುಸಿಯ ಶಕ್ತಿ ಗೊತ್ತಿಲ್ಲದವರು ಅದನ್ನು ಕಡೆಗಣಿಸುತ್ತಾರೆ. ಮಣಕಾಲಿನದೇ ಮಾತು ಬಂತಲ್ಲ, ಹ್ಯೂಸ್ಟನ್ನಿನ ಕತೆ ಕೇಳಿ. 2002ರಲ್ಲಿ ಪ್ರಕಟವಾದದ್ದು. ಅಲ್ಲಿನ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಬ್ರೂಸ್ ಮೋಸ್ಲಿ ಎಂಬ ಸರ್ಜನ್, ಮಣಕಾಲು ಸವೆದ 180 ಮಂದಿಯನ್ನು ಮೂರು ಗುಂಪು ಮಾಡಿದರು. ಒಂದಕ್ಕೆ ದುರ್ಬೀನಿನ ಆಪರೇಷನ್ ಮಾಡಿ ಒಳಗೆ ಕೆರೆದು ಸ್ವಚ್ಛ ಮಾಡುವುದು, ಇನ್ನೊಂದಕ್ಕೆ ಬರೀ ತೊಳೆಯುವುದು, ಮೂರನೆಯದಕ್ಕೆ ನಾಟಕ. ಯಾರಿಗೆ ಯಾವುದು ಎಂಬ ಲಕೋಟೆಯನ್ನು ಸರ್ಜನ್ ಒಡೆದದ್ದು ಆಪರೇಷನ್ ಕೋಣೆಯಲ್ಲೇ. ನಾಟಕದವರಿಗೂ ಚರ್ಮ ಕೊಯ್ದರು, ಹತ್ಯಾರ ಕೇಳಿ ಇಸಿದುಕೊಂಡರು, ಕಾಲು ಮಡಚಿ ತಿರುವಿದರು, ತೊಳೆದ ಸಪ್ಪಳ ಬರಲೆಂದು ನೀರು ಚೆಲ್ಲಿದರು, ರಾತ್ರಿ ಆಸ್ಪತ್ರೆಯಲ್ಲಿ ಮಲಗಿಸಿದರು. ಎರಡು ವರ್ಷ ಬೆನ್ನು ಹತ್ತಿ ಕೇಳಿದರೂ ಅಸಲಿಯವರ ನೋವಿಗೂ ನಾಟಕದವರ ನೋವಿಗೂ ಫರಕಿಲ್ಲ. ಬಹುತೇಕ ಗಂಡಸರೇ ಇದ್ದ ಒಂದೇ ಆಸ್ಪತ್ರೆ, ಒಬ್ಬನೇ ಸರ್ಜನ್. ಎಲ್ಲ ಮಣಕಾಲಿಗೂ ಎಲ್ಲ ಆಪರೇಷನ್ನಿಗೂ ಇದನ್ನೇ ಅಂಟಿಸಬಾರದು, ಒಪ್ಪುತ್ತೇನೆ. ಆದರೂ ತಾನೇ ಮಾಡುತ್ತಿದ್ದ ಆಪರೇಷನ್ನನ್ನು ತಾನೇ ಕಟಕಟೆಗೆ ನಿಲ್ಲಿಸುವುದಕ್ಕೆ ಎದೆ ಬೇಕು.

ನಮ್ಮ ಮನೆಗೆ ರೊಟ್ಟಿ ಬಡಿಯಲು ಬರುವ ಅಕ್ಕ ಈ ಎಣ್ಣೆಯ ಮೂರು ಬಾಟಲಿ ಕೊಂಡಿದ್ದಾಳೆ. ಬಾಟಲಿಗೆ 400 ರೂಪಾಯಿ. ನಾಲ್ಕು ಮನೆಯಲ್ಲಿ ನೆಲಕ್ಕೆ ಕೂತು ರೊಟ್ಟಿ ಬಡಿದು ಬಡಿದು ಸವೆದ ಕಾಲಿಗೆ, ಅದೇ ರೊಟ್ಟಿಯಿಂದ ದುಡಿದ 1,200 ರೂಪಾಯಿ ಸುರಿದಿದ್ದಾಳೆ. "ಸ್ವಲ್ಪ ಹಗುರ ಅನಿಸ್ತದ್ರೀ" ಅನ್ನುತ್ತಾಳೆ, ಏಳುವಾಗ ಗೋಡೆ ಹಿಡಿಯುತ್ತಾಳೆ. ನನಗೆ ನಗು ಬರುತ್ತಿಲ್ಲ. ಉಡ ತೋರಿಸಿ ಮಾರುತ್ತಿದ್ದವನು ಉಡವನ್ನಷ್ಟೇ ತೋರಿಸುತ್ತಿದ್ದ. ಮೋಸ ಹಿಡಿಯಲೆಂದೇ ಜನ ಕಷ್ಟಪಟ್ಟು ಕಟ್ಟಿದ ಪರೀಕ್ಷೆಯ ಹೆಸರನ್ನೇ ಕದ್ದು ಮೋಸ ಮಾಡುವುದು ನೀಚತನ. ನಾನು ಎಲ್ಲ ತಿಳಿದವನು ಅವಳಿಗೆ ಒಂದು ಎತ್ತರದ ಒಲೆಕಟ್ಟೆ ಕಟ್ಟಿಸಿ ಕೊಡಲಿಲ್ಲ, ಅದೂ ಇದೆ.

ಇರಲಿ. ಜಾತ್ರೆಯಲ್ಲಿ ಅಷ್ಟು ಹೊತ್ತು ತಲೆ ತಿಂದ ತಪ್ಪಿಗೆ ನಾನೂ ಒಂದು ಬಾಟಲಿ ಕೊಂಡು, ನೋಟ್‌ಬುಕ್ಕಿನಲ್ಲಿ ನಂಬರು ಬರೆಸಿ ಬಂದಿದ್ದೆ. ಬಾಟಲಿ ಟಿವಿ ಹಿಂದೆ ಸೀಲು ಒಡೆಯದೆ ಕೂತಿದೆ. ಮೊನ್ನೆ ನಾನು ಸ್ನಾನಕ್ಕೆ ಹೋದಾಗ ಫೋನು ಬಂತು, ನಮ್ಮಾಕಿ ಎತ್ತಿದಳು.

"ಯಾರದು?" ಅಂತ ಒಳಗಿಂದಲೇ ಕೂಗಿದೆ.

"ಯಾರೋ ಹುಡುಗ್ರೀ. ಸರ್ ಹ್ಯಾಂಗದಾರ್ರೀ ಅಂದ. ಆರಾಮ ಅದಾರಪಾ ಅಂದೆ. ಛಲೋ ಆತ್ರೀ, ಬರಕೊಂಡೆ ಅಂದು ಇಟ್ಟ."