ಪರ್ಸೆಂಟೇಜ್ ಬಿಡಿ, ಪುಟ ತೆಗೆದು ತೋರಿಸಿ

ಹೋದ ವರ್ಷ ಎಂ.ಎ. ಡಿಸರ್ಟೇಶನ್ ನೋಡುವ ಕಾಲದಲ್ಲಿ ನನ್ನ ಮೇಜಿನ ಮೇಲೆ ಎರಡು ಪ್ರತಿಗಳು ಅಕ್ಕಪಕ್ಕ ಬಂದು ಕೂತವು. ಎರಡೂ ಇಂಗ್ಲಿಷಿನಲ್ಲಿ, ಎರಡೂ ಹೊಯ್ಸಳರ ಕಾಲದ ದತ್ತಿಗಳ ಬಗ್ಗೆ. ಎರಡಕ್ಕೂ, ಬರೆದದ್ದು ಯಂತ್ರವೋ ಮನುಷ್ಯರೋ ಅಂತ ಊಹಿಸುವ ಡಿಟೆಕ್ಟರ್ ಸಾಫ್ಟ್‌ವೇರಿನ ರಿಪೋರ್ಟ್ ಪಿನ್ ಮಾಡಿದ್ದರು. ಒಂದಕ್ಕೆ ಎಐ 64 ಪರ್ಸೆಂಟ್, ಇನ್ನೊಂದಕ್ಕೆ 9.

64 ಬಂದವಳು ಒಬ್ಬ ಹುಡುಗಿ. ಅವಳ ಇಂಗ್ಲಿಷ್ ನನಗೆ ಮೂರು ವರ್ಷದಿಂದ ಗೊತ್ತು. ಸಣ್ಣ ಸಣ್ಣ ವಾಕ್ಯ, ಅದೇ ನಾಲ್ಕೈದು ಕ್ರಿಯಾಪದ, ತಪ್ಪಾಗಬಾರದು ಅಂತ ಹುಷಾರಾಗಿ ಹೆಜ್ಜೆ ಇಡುವ ಬರವಣಿಗೆ. ರಿಪೋರ್ಟ್ ಹಿಡಿದುಕೊಂಡು ಬಂದು ಕೇಳಿದಳು: "ಸರ್, ನಾನೇ ಬರೆದಿದ್ದು. ಹೇಗೆ ಪ್ರೂವ್ ಮಾಡ್ಲಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಯಾರ ಹತ್ತಿರವೂ ಇರಲ್ಲ. 64 ಅನ್ನೋ ಸಂಖ್ಯೆಗೆ ಎದುರಾಗಿ ಏನು ತಂದು ತೋರಿಸೋದು?

ಈ ಡಿಟೆಕ್ಟರ್‌ಗಳು ಹೆಚ್ಚಾಗಿ ಮಾಡೋದು ಇಷ್ಟೇ. ಒಂದು ಪದ ಆದ ಮೇಲೆ ಮುಂದಿನ ಪದ ಎಷ್ಟು ಊಹಿಸುವಂತಿದೆ, ವಾಕ್ಯಗಳು ಎಷ್ಟು ಒಂದೇ ಅಳತೆಯಲ್ಲಿವೆ ಅಂತ ಲೆಕ್ಕ ಹಾಕುತ್ತವೆ. ಊಹಿಸುವಂತಿದ್ದರೆ ಯಂತ್ರ, ಏರುಪೇರಿದ್ದರೆ ಮನುಷ್ಯ. ಆದರೆ ಇಂಗ್ಲಿಷನ್ನು ಕ್ಲಾಸಿನಲ್ಲಿ ಕಲಿತವರೆಲ್ಲ ಊಹಿಸುವಂತೆಯೇ ಬರೆಯೋದು. 2023ರಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಟೋಫೆಲ್ ಪರೀಕ್ಷೆಯ 91 ಪ್ರಬಂಧಗಳನ್ನು ಏಳು ಡಿಟೆಕ್ಟರ್‌ಗಳಿಗೆ ಕೊಟ್ಟು ನೋಡಿದರು. ಎಲ್ಲವೂ ಇಂಗ್ಲಿಷ್ ತಾಯ್ನುಡಿಯಲ್ಲದ ಮನುಷ್ಯರೇ ಬರೆದದ್ದು. ಸರಾಸರಿ 61 ಪರ್ಸೆಂಟ್ ಪ್ರಬಂಧಗಳಿಗೆ ಯಂತ್ರದ ಮುದ್ರೆ ಬಿತ್ತು. ಅಮೆರಿಕದ ಎಂಟನೇ ಕ್ಲಾಸ್ ಮಕ್ಕಳ ಪ್ರಬಂಧಗಳು ಮಾತ್ರ ಹೆಚ್ಚುಕಡಿಮೆ ಸರಿಯಾಗಿಯೇ ಪಾಸಾದವು. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೂ ಅದೇ ವರ್ಷ ಒಂದು ಡಿಟೆಕ್ಟರ್ ಬಿಟ್ಟಿತ್ತು. ಅವರದ್ದೇ ಪರೀಕ್ಷೆಯಲ್ಲಿ ಅದು ಯಂತ್ರದ ಬರಹದಲ್ಲಿ ಹಿಡಿದದ್ದು 26 ಪರ್ಸೆಂಟ್, ಮನುಷ್ಯರ ಬರಹದಲ್ಲಿ 9 ಪರ್ಸೆಂಟನ್ನು ಯಂತ್ರದ್ದು ಅಂದಿತು. ನೂರು ಪ್ರಾಮಾಣಿಕ ವಿದ್ಯಾರ್ಥಿಗಳಿದ್ದರೆ ಒಂಬತ್ತು ಜನರ ಮೇಲೆ ಸುಮ್ನೆ ಅಪವಾದ. ಆರೇ ತಿಂಗಳಲ್ಲಿ ಅದನ್ನು ವಾಪಸ್ ತಗೊಂಡರು.

ನನಗೊಂದು ಹಳೇ ಚಾಳಿ. ಯಾವ ಡಿಸರ್ಟೇಶನ್ ಬಂದರೂ ಹಿಂದಿನಿಂದ ಓದೋದು. ಮೊದಲು ಆಧಾರ ಗ್ರಂಥಗಳು, ಆಮೇಲೆ ಅಡಿಟಿಪ್ಪಣಿ, ಕೊನೆಗೆ ಅಧ್ಯಾಯಗಳು. ಹುಡುಗಿಯ ಪಟ್ಟಿ ನೋಡಿದರೆ ತಲೆನೋವು ಬರುತ್ತೆ. ಒಬ್ಬ ಲೇಖಕರ ಇನಿಶಿಯಲ್ ಹಿಂದುಮುಂದು, ಒಂದು ಕಡೆ ವರ್ಷ ಮುದ್ರಣದ್ದು, ಇನ್ನೊಂದು ಕಡೆ ಮರುಮುದ್ರಣದ್ದು. ಬೇಲೂರಿನ ಒಂದು ಶಾಸನಕ್ಕೆ, ಶಾಸನಗಳನ್ನೆಲ್ಲ ಸೇರಿಸಿ ಅಚ್ಚು ಹಾಕಿದ ಎಪಿಗ್ರಾಫಿಯಾ ಕರ್ನಾಟಿಕಾದ 9ನೇ ಸಂಪುಟ ಅಂತ ಹಾಕಿದ್ದಳು. ನಾನು ಕಪಾಟಿನಿಂದ 9ನೇ ಸಂಪುಟ ತೆಗೆದೆ. ಬೆಂಗಳೂರು ಜಿಲ್ಲೆಯ ಶಾಸನಗಳು! ಬೇಲೂರಿನ ಸುಳಿವೇ ಇಲ್ಲ. ಒಂದು ನಿಮಿಷ ನನಗೂ ಎದೆ ಧಸಕ್ಕೆಂದಿತು, ಇವಳೂ ಹೀಗೇನಾ ಅಂತ.

ಆಮೇಲೆ ನೆನಪಾಯಿತು. ನಾನು ತೆಗೆದದ್ದು ಅದನ್ನು ಮೊದಲು ಹೊರತಂದ ರೈಸ್ ಸಾಹೇಬರ ಕಾಲದ ಹಳೇ ಸರಣಿ. ಅದರಲ್ಲಿ ಹಾಸನ ಜಿಲ್ಲೆ 5ನೇ ಸಂಪುಟ, ಬೆಂಗಳೂರು 9. ಆಮೇಲೆ ಮೈಸೂರಿನಿಂದ ಬಂದ ಪರಿಷ್ಕೃತ ಸರಣಿಯಲ್ಲಿ ಸಂಪುಟಗಳ ಲೆಕ್ಕವೇ ಬೇರೆ, ಬೇಲೂರು ಬರೋದು 9ರಲ್ಲಿ. ಅವಳು ಯಾವ ಸರಣಿ ಅಂತ ಬರೆದಿರಲಿಲ್ಲ, ಅಷ್ಟೇ. ಹೊಸ ಸಂಪುಟ ತೆಗೆದೆ, ಶಾಸನ ಅಲ್ಲೇ ಇತ್ತು. ಮನುಷ್ಯರ ತಪ್ಪು ಹೀಗಿರುತ್ತೆ. ದಾರಿ ಡೊಂಕು, ಆದರೆ ಕೊನೆಗೆ ಒಂದು ನಿಜವಾದ ಮನೆ ಮುಟ್ಟುತ್ತೆ.

9 ಪರ್ಸೆಂಟಿನ ಹುಡುಗನ ಪಟ್ಟಿ ನೋಡಿದರೆ ಕಣ್ಣಿಗೆ ಹಬ್ಬ. ಅಕ್ಷರಕ್ರಮ, ಇಟಾಲಿಕ್ಸ್, ಸಂಪುಟ, ಸಂಚಿಕೆ, ಪುಟ, ಎಲ್ಲ ಚೊಕ್ಕ. ಎರಡಕ್ಕೆ ಡಿಒಐ ನಂಬರ್ ಕೂಡ ಇತ್ತು. ಅದನ್ನು doi.org ಪುಟದಲ್ಲಿ ಹಾಕಿದರೆ ಲೇಖನ ನೇರ ತೆರೆದುಕೊಳ್ಳಬೇಕು. ಒಂದು ತೆರೆದುಕೊಳ್ಳಲೇ ಇಲ್ಲ. ಇನ್ನೊಂದು ಮೀನು ಸಾಕಣೆಯ ಲೇಖನಕ್ಕೆ ಕರೆದುಕೊಂಡು ಹೋಯಿತು. ಉಳಿದವುಗಳಲ್ಲಿ ಒಂದು ಪತ್ರಿಕೆಯ ಹಳೇ ಸಂಪುಟ ನಮ್ಮ ಲೈಬ್ರರಿಯಲ್ಲೇ ಇತ್ತು. ಪತ್ರಿಕೆ ನಿಜ, ಸಂಪುಟ ನಿಜ, ಲೇಖಕರ ಹೆಸರೂ ನಿಜ, ಅವರು ಈ ಕ್ಷೇತ್ರದವರೇ. ಆದರೆ ಆ ಪುಟದಲ್ಲಿ ಬೇರೆ ಯಾರದ್ದೋ ಪುಸ್ತಕ ವಿಮರ್ಶೆ. ಆ ಹೆಸರಿನ ಲೇಖನ ಅವರು ಬರೆದೇ ಇಲ್ಲ.

ಇದು ಬರೀ ತಪ್ಪಲ್ಲ. ಮರೆವಿನಲ್ಲಿ ಪುಟ ತಪ್ಪಬಹುದು, ಬೆರಳು ಜಾರಿ ವರ್ಷ ತಪ್ಪಬಹುದು. ಬಿಡಿಭಾಗಗಳೆಲ್ಲ ಅಸಲಿ, ಗಾಡಿ ಮಾತ್ರ ಇಲ್ಲ ಅನ್ನೋ ಥರ ತಪ್ಪಾಗಬೇಕಾದರೆ ಅದಕ್ಕೊಂದು ವಿಧಾನ ಬೇಕು. ಚಾಟ್‌ಜಿಪಿಟಿಯಂಥ ಭಾಷಾ ಮಾಡೆಲ್‌ಗೆ ಉಲ್ಲೇಖ ಅಂದರೆ ಒಂದು ಪುಸ್ತಕವಲ್ಲ, ಒಂದು ಅಚ್ಚು. ಇಲ್ಲೊಂದು ಸರ್‌ನೇಮ್, ಇಲ್ಲೊಂದು ವರ್ಷ, ಇಲ್ಲೊಂದು ಗಂಭೀರ ಶೀರ್ಷಿಕೆ, ಆಮೇಲೆ ನಂಬರ್‌ಗಳು. ಪ್ರತಿ ಜಾಗಕ್ಕೂ ಒಪ್ಪುವಂಥದ್ದನ್ನು ತುಂಬುತ್ತಾ ಹೋಗುತ್ತೆ. ಹಿಂದೆ ಕಪಾಟಿಲ್ಲ. ಕದಿಯುವ ಹುಡುಗ ಬೇರೆಯವರ ಪಟ್ಟಿಯನ್ನು ಇಡಿಯಾಗಿ ಎತ್ತುತ್ತಾನೆ, ಅದು ಸುಲಭ. ಕೂತು ಹತ್ತು ಸುಳ್ಳು ಲೇಖನಗಳಿಗೆ ಸಂಪುಟ, ಸಂಚಿಕೆ ಕಟ್ಟುವ ಶ್ರಮ ಯಾವ ಸೋಮಾರಿ ಪಡುತ್ತಾನೆ ಹೇಳಿ?

ಈ ವಿಧಾನ ಪುಟಪುಟವಾಗಿ ಬಯಲಾದದ್ದು ನ್ಯೂಯಾರ್ಕಿನ ಫೆಡರಲ್ ಕೋರ್ಟಿನಲ್ಲಿ, 2023ರಲ್ಲಿ. ಮಾಟಾ ವರ್ಸಸ್ ಏವಿಯಾಂಕಾ ಕೇಸು. ವಿಮಾನದಲ್ಲಿ ಊಟದ ಟ್ರಾಲಿ ತಾಗಿ ಮೊಣಕಾಲಿಗೆ ಪೆಟ್ಟಾಯಿತು ಅಂತ ಪ್ರಯಾಣಿಕರೊಬ್ಬರ ದಾವೆ. ಅವರ ವಕೀಲರು ಹಾಕಿದ ಅರ್ಜಿಯಲ್ಲಿ ಒಂದಷ್ಟು ಹಳೇ ತೀರ್ಪುಗಳು. ಎದುರು ಪಕ್ಷದವರು ಹುಡುಕಿ ಹುಡುಕಿ, ಇವು ಎಲ್ಲೂ ಸಿಗ್ತಿಲ್ಲ ಅಂದರು. ಜಡ್ಜ್ ಕೆವಿನ್ ಕ್ಯಾಸ್ಟೆಲ್ ಅವರು ಯಾವ ಸ್ಕೋರ್ ಕೂಡ ಕೇಳಲಿಲ್ಲ. ಆ ತೀರ್ಪುಗಳ ಪ್ರತಿ ತನ್ನಿ ಅಂದರು. ವಕೀಲರು ತಂದರು! ಅದನ್ನೂ ಯಂತ್ರವೇ ಬರೆದು ಕೊಟ್ಟಿತ್ತು.

ಅದರಲ್ಲಿ ಒಂದು, ವರ್ಗೀಸ್ ವರ್ಸಸ್ ಚೈನಾ ಸದರ್ನ್ ಏರ್‌ಲೈನ್ಸ್, 925 F.3d 1339, ಅಂದರೆ ತೀರ್ಪುಗಳ ಸರಣಿಯ 925ನೇ ಸಂಪುಟದ 1339ನೇ ಪುಟ, ಹನ್ನೊಂದನೇ ಸರ್ಕ್ಯೂಟ್ ಅನ್ನುವ ಮೇಲ್ಮನವಿ ಕೋರ್ಟು, 2019. ಕೋರ್ಟ್ ಆ ಸಂಪುಟ ತೆಗೆದರೆ ಆ ಪುಟ ಬರೋದು ಜೆ.ಡಿ. ವರ್ಸಸ್ ಅಜಾರ್ ಅನ್ನುವ, ಬೇರೆ ಸರ್ಕ್ಯೂಟಿನ ತೀರ್ಪಿನಲ್ಲಿ. ಕೇಸ್ ನಂಬರ್ ಹುಡುಕಿದರೆ ಅದು ಇನ್ಯಾರದ್ದೋ ಕೇಸು. ಹನ್ನೊಂದನೇ ಸರ್ಕ್ಯೂಟಿನ ಕ್ಲರ್ಕ್ ಕೂಡ ಇಂಥ ಕೇಸೇ ನಮ್ಮಲ್ಲಿಲ್ಲ ಅಂದರು. ಒಳಗಿನ ಕಥೆ ಇನ್ನೂ ಮಜಾ. ಶುರುವಿನಲ್ಲಿ ಸೂಸನ್ ವರ್ಗೀಸ್ ಅನ್ನುವ ಹೆಂಗಸು ತೀರಿಕೊಂಡ ಜಾರ್ಜ್ ವರ್ಗೀಸ್ ಪರವಾಗಿ ದಾವೆ ಹೂಡಿರುತ್ತಾರೆ. ಸ್ವಲ್ಪ ಮುಂದೆ ಹೋದರೆ ಅನೀಶ್ ವರ್ಗೀಸ್ ಅನ್ನುವವರು ತಮಗೆ ವಿಮಾನ ಹತ್ತಲು ಬಿಡಲಿಲ್ಲ ಅಂತ ವಾದಿಸುತ್ತಿರುತ್ತಾರೆ. ಸತ್ತವರ ಕಥೆ ಎಲ್ಲಿ ಹೋಯಿತೋ! ಆ ನಕಲಿ ತೀರ್ಪು ತನ್ನೊಳಗೆ ಇನ್ನೂ ಕೆಲವು ತೀರ್ಪುಗಳನ್ನು ಉಲ್ಲೇಖಿಸಿತ್ತು, ಅವುಗಳಲ್ಲೂ ಇಲ್ಲದವು ಇದ್ದವು. ವಕೀಲರು ಚಾಟ್‌ಜಿಪಿಟಿಯನ್ನೇ 'ವರ್ಗೀಸ್ ನಿಜವಾದ ಕೇಸಾ' ಅಂತ ಕೇಳಿದ್ದರು, ಹೌದು ಅಂದಿತ್ತು. ಜೂನ್ 22ರಂದು 5,000 ಡಾಲರ್ ದಂಡ ಬಿತ್ತು.

ನಮ್ಮಲ್ಲೂ ಆಗಿದೆ. 2025ರ ಮಾರ್ಚಿನಲ್ಲಿ ಕರ್ನಾಟಕ ಹೈಕೋರ್ಟ್, ಬೆಂಗಳೂರಿನ ಸಿವಿಲ್ ಕೋರ್ಟಿನ ಒಂದು ಆದೇಶದಲ್ಲಿ ಸುಪ್ರೀಂ ಕೋರ್ಟಿನದ್ದು ಅಂತ ಹೇಳಿದ ಎರಡು ತೀರ್ಪುಗಳು ಇಲ್ಲವೇ ಇಲ್ಲ ಅಂತ ಕಂಡುಕೊಂಡು, ಇದರ ಬಗ್ಗೆ ತನಿಖೆ ಆಗಬೇಕು ಅಂದಿತು. ಅದರಲ್ಲಿ ಒಂದು ಜಲಾನ್ ಟ್ರೇಡಿಂಗ್ ಕಂಪನಿ ವರ್ಸಸ್ ಒಂದು ಟೆಲಿಕಾಂ ಕಂಪನಿ. ಜಲಾನ್ ಟ್ರೇಡಿಂಗ್ ಅನ್ನುವ ಹೆಸರಿನ ಅಸಲಿ ತೀರ್ಪು ಒಂದಿದೆ, ಕಾನೂನು ಓದಿದವರಿಗೆ ಗೊತ್ತು. ಎದುರು ಪಕ್ಷ ಮಿಲ್ ಮಜ್ದೂರ್ ಸಭಾ, ವಿಷಯ ಕಾರ್ಮಿಕರ ಬೋನಸ್. ಅರ್ಧ ಹೆಸರು ಅಸಲಿ, ಇನ್ನರ್ಧ ಅಂಟಿಸಿದ್ದು. ಆ ಆದೇಶ ಹೇಗೆ ತಯಾರಾಯಿತು ಅಂತ ಹೇಳುವುದು ನನ್ನ ಕೆಲಸವಲ್ಲ. ಆದರೆ ಹೊಲಿಗೆ ಯಾವ ಮಾದರಿಯದ್ದು ಅಂತ ಕಾಣುತ್ತೆ, ಅಲ್ವಾ?

ಹಾಗಂತ ಇಲ್ಲದ ಉಲ್ಲೇಖ ಕಂಡ ಕೂಡಲೇ ಯಂತ್ರ ಅಂತ ಕೂಗಬಾರದು. ಚಾಟ್‌ಜಿಪಿಟಿ ಹುಟ್ಟುವ ಮುಂಚೆಯೇ ಒಂದು ಭೂತ ಓಡಾಡುತ್ತಿತ್ತು. ಎಲ್ಸೆವಿಯರ್ ಪ್ರಕಾಶನ ಲೇಖಕರಿಗೆ ಕೊಡುವ ಮಾದರಿಯಲ್ಲಿ 'ವಾನ್ ಡರ್ ಗೀರ್, 2000' ಅಂತ ಒಂದು ಉದಾಹರಣೆ ಉಲ್ಲೇಖ ಇತ್ತು. ಬರೀ ನಮೂನೆ, ಅಂಥ ಲೇಖನವೇ ಇಲ್ಲ. ಜನ ಅದನ್ನು ಅಳಿಸಲು ಮರೆತು ಹಾಗೇ ಕಳಿಸಿ, ನೂರಾರು ಲೇಖನಗಳಲ್ಲಿ ಅದು ಅಚ್ಚಾಗಿಬಿಟ್ಟಿತು. ಆದ್ದರಿಂದ ಒಂದು ಸಿಕ್ಕರೆ ಕೇಳಬೇಕು, ಬೇರೆ ಬೇರೆಯವು ನಾಲ್ಕೈದು ಸಿಕ್ಕರೆ ಕೂರಿಸಿ ಕೇಳಬೇಕು.

ಕನ್ನಡದ ಮಟ್ಟಿಗೆ ಇನ್ನೊಂದು ಎಚ್ಚರ. ಗೂಗಲ್‌ನಲ್ಲಿ ಸಿಗಲಿಲ್ಲ ಅಂದರೆ ಇಲ್ಲ ಅಂತ ಅರ್ಥವಲ್ಲ. ಪ್ರಬುದ್ಧ ಕರ್ನಾಟಕದ ಹಳೇ ಸಂಚಿಕೆಯ ಲೇಖನವೊಂದನ್ನು ಯಾರಾದರೂ ಹಾಕಿದ್ದರೆ, ಎದ್ದು ಹೋಗಿ ಧೂಳು ಕೊಡವಿ ಪರಿವಿಡಿ ನೋಡಬೇಕು. ಅದೇ ರೀತಿ ಗೂಗಲ್ ಸ್ಕಾಲರ್‌ನಲ್ಲಿ ಶೀರ್ಷಿಕೆ ಕಂಡಿತು ಅಂತ ಇದೆ ಅಂತಲೂ ಅಲ್ಲ. ಯಾರೋ ಒಬ್ಬರು ಸುಳ್ಳು ಉಲ್ಲೇಖ ಹಾಕಿದ್ದನ್ನೇ ಅದು ಎತ್ತಿ ತೋರಿಸುತ್ತಿರಬಹುದು. ಮತ್ತೆ, ಉಲ್ಲೇಖಗಳೆಲ್ಲ ಸರಿಯಾಗಿದ್ದ ಮಾತ್ರಕ್ಕೆ ಬರಹ ಮನುಷ್ಯರದ್ದು ಅನ್ನುವ ಹಾಗೂ ಇಲ್ಲ. ಈಗಿನ ಮಾಡೆಲ್‌ಗಳು ವೆಬ್ ಹುಡುಕಿ ಅಸಲಿ ಲೇಖನವನ್ನೇ ತರುತ್ತವೆ. ಈ ಪುರಾವೆ ಒಂದೇ ದಿಕ್ಕಿಗೆ ಕೆಲಸ ಮಾಡೋದು. ಸುಳ್ಳು ಉಲ್ಲೇಖ ಇದ್ದರೆ ಗಟ್ಟಿ, ಇಲ್ಲದಿದ್ದರೆ ಏನೂ ಹೇಳಲ್ಲ.

ಆದರೂ ಸ್ಕೋರಿಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಇದಕ್ಕೆ ಆರೋಪಿ ಉತ್ತರ ಕೊಡಬಹುದು. ಹುಡುಗನನ್ನು ಲೈಬ್ರರಿಗೆ ಕರೆದೆ. ಆ ಸಂಪುಟ ಮುಂದಿಟ್ಟು, "ನಿನ್ನ ಲೇಖನ ತೆಗೆದು ತೋರಿಸಪ್ಪ" ಅಂದೆ. ತೆಗೆದ. ವಿಮರ್ಶೆ ನೋಡಿದ. ಹಿಂದಿನ ಪುಟ, ಮುಂದಿನ ಪುಟ ತಿರುವಿದ. ಪರಿವಿಡಿಗೆ ಹೋಗಿ ಬೆರಳಿಟ್ಟು ಓದಿದ. ಆಮೇಲೆ ಮೆಲ್ಲಗೆ, "ಸರ್, ಬರೆದಿದ್ದು ನಾನೇ. ರೆಫರೆನ್ಸ್ ಮಾತ್ರ ಅದ್ರಲ್ಲಿ ಹಾಕಿಸ್ದೆ" ಅಂದ. ನಿಜ ಇರಬಹುದು. ಸುಳ್ಳು ಪಟ್ಟಿ ಪಟ್ಟಿಯ ಬಗ್ಗೆ ಮಾತ್ರ ಸಾಕ್ಷಿ ಹೇಳುತ್ತೆ, ಪ್ರತಿ ಪ್ಯಾರಾದ ಬಗ್ಗೆ ಅಲ್ಲ. ಆದರೆ ಎರಡನೇ ಅಧ್ಯಾಯದಲ್ಲಿ ಅದೇ ಇಲ್ಲದ ಲೇಖನದ 'ವಾದ'ವನ್ನು ಒಂದೂವರೆ ಪುಟ ಚರ್ಚಿಸಿದ್ದಾನಲ್ಲ, ಅದನ್ನು ಯಾರು ಬರೆದರು ಅಂತ ಕೇಳಿದೆ. ಸುಮ್ಮನಾದ. ತಪ್ಪೊಪ್ಪಿಗೆ ಬರೆಸಿಕೊಳ್ಳಲಿಲ್ಲ. ಲೈಬ್ರರಿಯಲ್ಲಿರುವ ಪುಸ್ತಕಗಳನ್ನೇ ಓದಿ ಆ ಅಧ್ಯಾಯ ಹೊಸದಾಗಿ ಬರೆ ಅಂದೆ. ಎರಡು ತಿಂಗಳು ತಗೊಂಡ, ತೆಳ್ಳಗಾದರೂ ಪರವಾಗಿಲ್ಲ ಅನ್ನುವಂತೆ ಬರೆದ.

ಹುಡುಗಿಯ ವಿಷಯದಲ್ಲಿ ನಾನು ಸೋತೆ. ಅವಳ ಒಂದೊಂದು ಆಧಾರವನ್ನೂ ನೋಡಿದ್ದೇನೆ, ಎಲ್ಲ ಇವೆ ಅಂತ ಎರಡು ಪುಟ ಪತ್ರ ಬರೆದೆ. ಮೇಲಿನವರಿಂದ ಬಂದ ಉತ್ತರ ಒಂದೇ ಸಾಲು: ಸ್ಕೋರ್ 30ರ ಒಳಗೆ ಬಂದ ಮೇಲೆ ಸಲ್ಲಿಸಿ. ಅವಳು ಒಂದು ವಾರ ಕೂತು ವಾಕ್ಯಗಳನ್ನು ಕೆಡಿಸಿದಳು. ಚಿಕ್ಕದನ್ನು ಉದ್ದ ಮಾಡಿದಳು, ಸರಳ ಪದ ತೆಗೆದು ಡಿಕ್ಷನರಿ ನೋಡಿ ಕಷ್ಟದ್ದು ಹಾಕಿದಳು. ದೇವಸ್ಥಾನಕ್ಕೆ ಗದ್ದೆ ಬಿಟ್ಟ ಒಬ್ಬ ಹೆಂಗಸಿನ ಬಗ್ಗೆ ಚೆನ್ನಾಗಿ ಬರೆದಿದ್ದ ಒಂದು ಪ್ಯಾರಾ ಇತ್ತು, ಈಗ ಅದು ನನಗೇ ಅರ್ಥವಾಗಲ್ಲ. ಸ್ಕೋರ್ 22 ಬಂತು. ಬೇಲೂರಿನ ಅಡಿಟಿಪ್ಪಣಿಯಲ್ಲಿ 'ಪರಿಷ್ಕೃತ ಸರಣಿ' ಅಂತ ಸೇರಿಸೋಕೆ ಹೇಳಿದ್ದೆ, ಆ ಗಡಿಬಿಡಿಯಲ್ಲಿ ಅದನ್ನು ಮರೆತುಬಿಟ್ಟಳು.